ಫೋನ್‌ಗೆ ವೈಫೈ ಸಿಗುತ್ತೆ, ವಾಚ್‌ಗೆ ಯಾಕೆ ಸಿಗಲ್ಲ?

ತುಮಕೂರಿನ ಅಮಾನಿಕೆರೆ ಸುತ್ತ ಬೆಳಗ್ಗೆ ವಾಕಿಂಗ್ ಬರುವವರ ಕೈ ನೋಡಿ, ಅರ್ಧ ಜನರ ಕೈಯಲ್ಲಿ ಬ್ಯಾಂಡೋ ಸ್ಮಾರ್ಟ್‌ವಾಚೋ ಇರುತ್ತದೆ. ಅವುಗಳಲ್ಲಿ ಬಹುಪಾಲು ಯಾವತ್ತೂ ವೈಫೈಗೆ ಸೇರುವುದಿಲ್ಲ, ಯಾಕೆಂದರೆ ಅವುಗಳ ಒಳಗೆ ವೈಫೈ ರೇಡಿಯೋನೇ ಇಲ್ಲ. ಕಡಿಮೆ ಬೆಲೆಯ ಬ್ಯಾಂಡ್‌ಗಳಲ್ಲಿ ಇರುವುದು ಬ್ಲೂಟೂತ್ ಮಾತ್ರ. ಹವಾಮಾನ, ಮೆಸೇಜು, ಸರಿಯಾದ ಟೈಮು ಎಲ್ಲವೂ ಫೋನ್‌ಗೆ ಬಂದು, ಅಲ್ಲಿಂದ ಬ್ಲೂಟೂತ್ ಮೂಲಕ ಬ್ಯಾಂಡ್‌ಗೆ ಬರುತ್ತವೆ. ಫೋನ್ ಆ ಹೊತ್ತಿಗೆ ಮನೆಯ ವೈಫೈನಲ್ಲಿದೆಯೋ ಸಿಮ್ಮಿನ ಡೇಟಾದಲ್ಲಿದೆಯೋ ಅನ್ನುವುದು ಬ್ಯಾಂಡ್‌ಗೆ ಗೊತ್ತೂ ಆಗುವುದಿಲ್ಲ. ಇದಕ್ಕಾಗಿ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡುವವರಿದ್ದಾರೆ. ಅದರಿಂದ ಫೋನಿನ ಬ್ಯಾಟರಿ ಖರ್ಚಾಗುತ್ತದೆ, ಬ್ಯಾಂಡ್‌ಗೆ ಏನೂ ಸಿಗುವುದಿಲ್ಲ.

ವೈಫೈ ಇಲ್ಲದ್ದರಿಂದ ಬ್ಯಾಂಡ್‌ಗೆ ಏನೂ ನಷ್ಟವಿಲ್ಲ ಬಿಡಿ. ನಿಮಿಷಕ್ಕೊಂದು ಸಲ ಹೃದಯ ಬಡಿತ ಬರೆದಿಟ್ಟುಕೊಂಡರೂ ದಿನಕ್ಕೆ 1440 ಅಂಕಿ, ಒಂದೊಂದಕ್ಕೆ ಕೆಲವೇ ಬೈಟ್. ಒಟ್ಟು ಸೇರಿದರೂ ಕೆಲವು ಕಿಲೋಬೈಟ್ ಅಷ್ಟೇ, ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋಗಿಂತ ಕಡಿಮೆ. ಫೋನ್ ಮನೆಯಲ್ಲೇ ಬಿಟ್ಟು ಕೆರೆ ಸುತ್ತಿ ಬಂದರೂ ಬ್ಯಾಂಡ್ ಹೆಜ್ಜೆಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮನೆಗೆ ಬಂದು ಆ್ಯಪ್ ತೆಗೆದರೆ ಬ್ಲೂಟೂತ್‌ನಲ್ಲಿ ಸ್ವಲ್ಪ ಹೊತ್ತಿಗೇ ಎಲ್ಲ ಫೋನ್‌ಗೆ ಇಳಿಯುತ್ತದೆ.

ವೈಫೈ ಪ್ರಶ್ನೆ ನಿಜವಾಗಿ ಶುರುವಾಗುವುದು ವೈಫೈ ಇರುವ ವಾಚ್‌ಗಳಲ್ಲಿ. ನನ್ನ ಚಿಕ್ಕಪ್ಪನ ಹತ್ತಿರ ಅಂಥದ್ದೊಂದು ಇದೆ, ಮಗ ಹೊಸದು ತಗೊಂಡಾಗ ಕೊಟ್ಟ ಹಳೆಯ ವಾಚು. ಅವರ ಮನೆ ಕ್ಯಾತ್ಸಂದ್ರದಲ್ಲಿ, ಕೆಳಗೆ ಮೇಲೆ ಎರಡು ಅಂತಸ್ತು, ಅದರ ಮೇಲೆ ತಾರಸಿ. ಸಂಜೆ ಫೋನನ್ನು ಕೆಳಗಿನ ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ, ತಾರಸಿಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತಾರೆ. ಆಗ ವಾಚ್‌ಗೆ ಒಂದು ಮೆಸೇಜೂ ಬರುತ್ತಿರಲಿಲ್ಲ. "ರೂಟರ್ ಇಲ್ಲೇ ಮೇಲಿನ ಮೆಟ್ಟಿಲ ಹತ್ತಿರ ಇದೆ ಕಣೋ, ಫೋನ್ ತಂದ್ರೆ ತಾರಸಿಯಲ್ಲೂ ವೈಫೈ ಫುಲ್ ತೋರಿಸುತ್ತೆ. ವಾಚ್‌ಗೆ ಏನಾಗಿದೆ?" ಅಂತ ಕೇಳಿದರು.

ಅದಕ್ಕೆ ಉತ್ತರ ಬೇಕಾದರೆ ವಾಚು ಹೇಗೆ ಯೋಚಿಸಿ ಕೆಲಸ ಮಾಡುವಂತೆ ಮಾಡಿದ್ದಾರೆ ಅನ್ನುವುದನ್ನು ನೋಡಬೇಕು. ವಾಚಿನ ಬ್ಯಾಟರಿ ಸಾಮಾನ್ಯವಾಗಿ 300 ಮಿಲಿಆಂಪ್‌ಅವರ್ ಆಸುಪಾಸು, ಈಗಿನ ಫೋನ್‌ಗಳದ್ದು 5000 ಆಸುಪಾಸು. ಅಷ್ಟು ಸಣ್ಣ ಬ್ಯಾಟರಿಯಲ್ಲಿ ಇಡೀ ದಿನ ಕಳೆಯಬೇಕು, ಹಾಗಾಗಿ ವಾಚು ಮೊದಲು ಹಿಡಿಯುವುದು ಬ್ಲೂಟೂತ್ ಅನ್ನೇ. ಬ್ಲೂಟೂತ್‌ನ ಕಡಿಮೆ ವಿದ್ಯುತ್ತಿನ ಬಗೆಯಲ್ಲಿ ವಾಚು ಮತ್ತು ಫೋನು ಇಷ್ಟಿಷ್ಟು ಹೊತ್ತಿಗೊಮ್ಮೆ ಮಾತಾಡೋಣ ಅಂತ ಮೊದಲೇ ಗೊತ್ತುಮಾಡಿಕೊಂಡಿರುತ್ತವೆ. ಆ ಅಂತರ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಎಷ್ಟಾದರೂ ಇರಬಹುದು. ಗೊತ್ತಾದ ಕ್ಷಣಕ್ಕೆ ಎರಡೂ ಎದ್ದು, ಕೊಡುವುದು ಕೊಟ್ಟು, ಮತ್ತೆ ಮಲಗುತ್ತವೆ. ವೈಫೈನಲ್ಲೂ ಮಲಗುವ ವ್ಯವಸ್ಥೆ ಇದೆ, ಆದರೆ ಎದ್ದಾಗ ಆಗುವ ಖರ್ಚು ಜಾಸ್ತಿ. ಹಾಗಾಗಿ ಫೋನ್ ಹತ್ತಿರ ಇದ್ದು ಬ್ಲೂಟೂತ್ ಸಿಗುತ್ತಿರುವಷ್ಟು ಹೊತ್ತು ಹೆಚ್ಚಿನ ವಾಚ್‌ಗಳು ವೈಫೈ ಅನ್ನು ಸುಮ್ನೆ ಮಲಗಿಸಿಬಿಡುತ್ತವೆ. ಫೋನ್ ಪಕ್ಕದಲ್ಲಿಟ್ಟುಕೊಂಡು ವಾಚಿನ ಸೆಟ್ಟಿಂಗ್ ತೆಗೆದು "ವೈಫೈ ಕನೆಕ್ಟ್ ಆಗಿಲ್ಲ" ಅಂತ ನೋಡಿ ಗಾಬರಿ ಆಗುವವರು ತುಂಬಾ ಜನ. ಅದು ಕೆಟ್ಟಿರುವುದಲ್ಲ, ಬೇಕಿಲ್ಲ ಅಂತ ಆಫ್ ಆಗಿರುವುದು.

ಬ್ಲೂಟೂತ್ ಕಡಿದುಹೋದ ಮೇಲಷ್ಟೇ ವಾಚು ವೈಫೈ ಹುಡುಕಲು ಶುರು ಮಾಡುತ್ತದೆ. ಚಿಕ್ಕಪ್ಪನ ತಾರಸಿಯಲ್ಲಿ ಆಗಬೇಕಾಗಿದ್ದದ್ದೂ ಅದೇ. ಕೆಳಗಿನ ಹಾಲ್‌ಗೂ ತಾರಸಿಗೂ ನಡುವೆ ಎರಡು ಕಾಂಕ್ರೀಟ್ ಚಾವಣಿ, ಅದರೊಳಗೆ ಕಬ್ಬಿಣದ ಕಂಬಿ. ಫೋನಿನ ಬ್ಲೂಟೂತ್ ಅಷ್ಟು ದಾಟಿ ಬರುವುದು ಕಷ್ಟ.

ಇನ್ನು ಪಾಸ್‌ವರ್ಡ್. ಅಷ್ಟು ಚಿಕ್ಕ ಪರದೆಯಲ್ಲಿ ಉದ್ದದ ಪಾಸ್‌ವರ್ಡ್ ಟೈಪ್ ಮಾಡುವುದು ಹಿಂಸೆ ಅಂತ ಆ ಕೆಲಸವನ್ನು ಫೋನ್‌ಗೆ ಕೊಟ್ಟಿರುತ್ತಾರೆ. ಕೆಲವು ವಾಚ್‌ಗಳು ಫೋನಿನ ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತವೆ. ಇನ್ನು ಕೆಲವು ಏನೂ ಕೇಳದೆ, ಫೋನ್ ಈಗಾಗಲೇ ಸೇರಿರುವ ವೈಫೈಗಳ ಹೆಸರು, ಪಾಸ್‌ವರ್ಡ್ ಎರಡನ್ನೂ ಬ್ಲೂಟೂತ್‌ನಲ್ಲಿ ಗುಪ್ತಲಿಪಿ ಮಾಡಿ ತರಿಸಿಕೊಳ್ಳುತ್ತವೆ. ಚಿಕ್ಕಪ್ಪನದು ಎರಡನೇ ಥರದ್ದು. ಹೆಸರು ಪಾಸ್‌ವರ್ಡ್ ಕೈಗೆ ಸಿಕ್ಕ ಮೇಲೆ ಫೋನಿನ ಪಾತ್ರ ಮುಗಿಯಿತು. ರೂಟರ್ ಜೊತೆ ಮಾತಾಡಿ ಒಳಗೆ ಸೇರುವುದು ವಾಚೇ, ರೂಟರ್ ಲೆಕ್ಕದಲ್ಲಿ ಅದು ಇನ್ನೊಂದು ಬೇರೆ ಸಾಧನ.

ಹಾಗಾದರೆ ಅವರ ವಾಚ್‌ಗೆ ಯಾವ ಹೆಸರು ಸಿಕ್ಕಿತ್ತು? ಫೋನಿನ ವೈಫೈ ಪಟ್ಟಿ ತೆಗೆದು ನೋಡಿದರೆ ಅವರ ಮನೆಯದೇ ಎರಡು ಹೆಸರು ಕಂಡವು, `ManeFiber` ಮತ್ತು `ManeFiber_5G`. ಫೈಬರ್ ಲೈನ್ ಹಾಕುವಾಗ ಬರುವ ಎಷ್ಟೋ ರೂಟರ್‌ಗಳಲ್ಲಿ ಹೀಗೇ ಇರುತ್ತದೆ. ಮೊದಲನೆಯದು 2.4 ಗಿಗಾಹರ್ಟ್ಸ್, ಎರಡನೆಯದು 5 ಗಿಗಾಹರ್ಟ್ಸ್. ಈ 5ಜಿಗೂ ಮೊಬೈಲ್ ಸಿಮ್ಮಿನ 5ಜಿಗೂ ಸಂಬಂಧವಿಲ್ಲ. ಎರಡನೆಯದರಲ್ಲಿ ಸ್ಪೀಡ್ ಜಾಸ್ತಿ ಅಂತ ಲೈನ್ ಹಾಕಿದವರು ಫೋನನ್ನು ಅದಕ್ಕೇ ಸೇರಿಸಿ ಹೋಗಿದ್ದರು. ಫೋನ್ ಒಂದು ಸಲವೂ `ManeFiber`ಗೆ ಸೇರಿರಲಿಲ್ಲ. ಹಾಗಾಗಿ ವಾಚ್‌ಗೆ ತಲುಪಿದ್ದು `ManeFiber_5G` ಹೆಸರು ಮಾತ್ರ. ವಾಚಿನ ರೇಡಿಯೋ ಕೇಳಿಸಿಕೊಳ್ಳುವುದು 2.4 ಮಾತ್ರ. ಅದರ ಹತ್ತಿರ ಇರುವ ಹೆಸರು ಅದರ ಕಿವಿಗೆ ಬೀಳುವುದೇ ಇಲ್ಲ, ಕಿವಿಗೆ ಬೀಳುವ ಹೆಸರಿನ ಪಾಸ್‌ವರ್ಡ್ ಅದರ ಹತ್ತಿರ ಇಲ್ಲ.

2.4 ಮಾತ್ರ ಯಾಕೆ ಇಡುತ್ತಾರೆ ಅಂದರೆ, ಬ್ಲೂಟೂತ್ ಕೂಡ ಅದೇ 2.4ರಲ್ಲೇ ನಡೆಯುತ್ತದೆ. ಒಂದೇ ಚಿಪ್ಪು, ಒಂದೇ ಆಂಟೆನಾ ಎರಡಕ್ಕೂ ಸಾಕಾಗುತ್ತದೆ. ಖರ್ಚು, ಜಾಗ ಎರಡೂ ಉಳಿಯುತ್ತವೆ. ಮೇಲಾಗಿ 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವಾಗ 2.4ಕ್ಕಿಂತ ಬೇಗ ಸೊರಗುತ್ತದೆ. ಆಪಲ್ ವಾಚ್‌ನಲ್ಲೂ ಸೀರೀಸ್ 5ರವರೆಗೆ 2.4 ಮಾತ್ರ ಇತ್ತು, 2020ರಲ್ಲಿ ಬಂದ ಸೀರೀಸ್ 6ರಲ್ಲಿ 5 ಸೇರಿತು. ನಿಮ್ಮ ವಾಚು ಯಾವ ಥರದ್ದು ಅಂತ ಡಬ್ಬಿಯ ಮೇಲೋ ಕಂಪನಿಯ ಪುಟದಲ್ಲೋ ಬರೆದಿರುತ್ತದೆ. `802.11 b/g/n 2.4 GHz` ಅಂತಷ್ಟೇ ಇದ್ದರೆ 5 ಇಲ್ಲ ಅಂತ ತಿಳಿಯಿರಿ.

ಊಹೆ ಸರಿಯಾ ಅಂತ ನೋಡಲು ಒಂದು ಪರೀಕ್ಷೆ ಮಾಡಿದೆವು. ವಾಚು ರೂಟರ್ ಪಕ್ಕದಲ್ಲೇ ಇಟ್ಟುಕೊಂಡು ಫೋನಿನ ಬ್ಲೂಟೂತ್ ಆಫ್ ಮಾಡುವುದು. ಇದನ್ನು ಪರದೆ ಎಳೆದಾಗ ಬರುವ ಬಟನ್‌ನಲ್ಲಿ ಮಾಡದೆ ಸೆಟ್ಟಿಂಗ್ ಒಳಗೆ ಹೋಗಿಯೇ ಮಾಡಬೇಕು. ಐಫೋನ್‌ನಲ್ಲಂತೂ ಹೊರಗಿನ ಆ ಬಟನ್ ಒತ್ತಿದರೆ ಬೇರೆ ಸಾಧನ ಬಿಟ್ಟುಹೋಗುತ್ತವೆ, ಆಪಲ್ ವಾಚು ಮಾತ್ರ ಬಿಡುವುದಿಲ್ಲ, ಪರೀಕ್ಷೆ ಹಾಳಾಗುತ್ತದೆ. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ ಸ್ವಲ್ಪ ಹೊತ್ತು ಕಾದೆವು. ವಾಚಿನಲ್ಲಿ ಫೋನಿನ ಚಿತ್ರಕ್ಕೆ ಅಡ್ಡಗೆರೆ ಬಂತು, ವೈಫೈ ಚಿತ್ರ ಬರಲಿಲ್ಲ. ರೂಟರ್ ಪಕ್ಕದಲ್ಲೇ ನಿಂತು ಹೀಗಾದರೆ ಸಿಗ್ನಲ್ ಸಾಲದು ಅನ್ನುವ ಮಾತೇ ಇಲ್ಲ, ಅಲ್ವಾ?

ಸರಿ, ಬ್ಲೂಟೂತ್ ಮತ್ತೆ ಆನ್ ಮಾಡಿ, ಫೋನನ್ನು `ManeFiber`ಗೆ ಸೇರಿಸಿ ಪಾಸ್‌ವರ್ಡ್ ಕೊಟ್ಟೆವು. ಫೋನು, ವಾಚು ಎರಡನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಬಿಟ್ಟು ಕಾಫಿ ಕುಡಿದೆವು. ಹೊಸ ಹೆಸರು ವಾಚ್‌ಗೆ ದಾಟಲು ಅಷ್ಟು ಸಮಯ ಕೊಡಬೇಕು, ತಕ್ಷಣ ನೋಡಿದರೆ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ಮತ್ತೆ ಬ್ಲೂಟೂತ್ ಆಫ್. ಈ ಸಲ ವಾಚಿನಲ್ಲಿ ವೈಫೈ ಚಿತ್ರ ಬಂತು. ಇದನ್ನು ರೂಟರ್ ಕಡೆಯಿಂದಲೂ ಖಚಿತ ಮಾಡಿಕೊಳ್ಳಬಹುದು. ಬ್ರೌಸರ್‌ನಲ್ಲಿ ರೂಟರಿನ ವಿಳಾಸ ಹಾಕಿ (ಎಷ್ಟೋ ಮನೆಗಳಲ್ಲಿ ಅದು `192.168.1.1`) ಲಾಗಿನ್ ಆದರೆ ಸೇರಿರುವ ಸಾಧನಗಳ ಪಟ್ಟಿ ಇರುತ್ತದೆ, ಅದರಲ್ಲಿ ವಾಚು ಬೇರೆಯಾಗಿಯೇ ಕಾಣುತ್ತದೆ.

ಇಷ್ಟಾದ ಮೇಲೆ ಬ್ಲೂಟೂತ್ ಆನ್ ಮಾಡಿ, ಫೋನನ್ನು ವಾಪಸ್ `ManeFiber_5G`ಗೆ ಸೇರಿಸಿದೆವು. ಫೋನ್‌ಗೆ ಸ್ಪೀಡೂ ಉಳಿಯಿತು, ವಾಚು ತನ್ನ 2.4ರ ಹೆಸರನ್ನು ನೆನಪಿಟ್ಟುಕೊಂಡಿತು. ಈಗ ತಾರಸಿಯಲ್ಲಿ ಬ್ಲೂಟೂತ್ ಕಡಿದರೂ ಕೆಳಗಿನ ಫೋನ್‌ಗೆ ಬಂದ ಮೆಸೇಜು ಇಂಟರ್ನೆಟ್ ದಾರಿಯಲ್ಲಿ ವಾಚ್‌ಗೆ ಬರುತ್ತದೆ. ಅದಕ್ಕೆ ಕೆಳಗೆ ಫೋನ್ ಆನ್ ಆಗಿರಬೇಕು, ಅದಕ್ಕೂ ನೆಟ್ ಇರಬೇಕು. ಕಾಲ್ ವಿಷಯ ಬೇರೆ. ಸಿಮ್ ಇಲ್ಲದ ವಾಚಿನಲ್ಲಿ ಮಾತಾಡುವಾಗ ಧ್ವನಿ ಸಾಮಾನ್ಯವಾಗಿ ಬ್ಲೂಟೂತ್ ಮೂಲಕ ಫೋನ್‌ಗೇ ಹೋಗಬೇಕು. ವೈಫೈನಲ್ಲೇ ಕಾಲ್ ಬರಬೇಕಾದರೆ ವಾಚು, ಸಿಮ್ ಕಂಪನಿ ಎರಡೂ ಅದಕ್ಕೆ ಅವಕಾಶ ಕೊಟ್ಟಿರಬೇಕು. ಚಿಕ್ಕಪ್ಪನಿಗೆ ಇದನ್ನು ಮೊದಲೇ ಹೇಳಿದೆ. "ಮೆಸೇಜ್ ಬಂದ್ರೆ ಸಾಕು, ಕಾಲ್ ಬಂದ್ರೆ ನಿಮ್ಮ ಚಿಕ್ಕಮ್ಮ ಕೂಗ್ತಾಳೆ" ಅಂದರು.

ಎರಡು ಹೆಸರಿನ ತೊಂದರೆ ಇಲ್ಲದೆಯೂ ವಾಚು ಸೇರದಿದ್ದರೆ ನಾನು ಮೊದಲು ನೋಡುವುದು ರೂಟರಿನ ಭದ್ರತೆಯ ಸೆಟ್ಟಿಂಗ್. ಅಲ್ಲಿ `WPA3` ಒಂದೇ ಇಟ್ಟಿದ್ದರೆ ಹಳೆಯ ವಾಚುಗಳು ಹೊರಗೇ ಉಳಿಯುತ್ತವೆ. `WPA2/WPA3` ಎರಡೂ ಸೇರಿದ ಆಯ್ಕೆ ಇದ್ದರೆ ಅದನ್ನು ಇಡಿ. ಭದ್ರತೆಯನ್ನೇ ತೆಗೆದು ಓಪನ್ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೊತ್ತಿರುವ ಸಾಧನಗಳಿಗೆ ಮಾತ್ರ ಅಂತ ರೂಟರಿನಲ್ಲಿ ಕಟ್ಟುನಿಟ್ಟು ಮಾಡಿದ್ದರೆ, ಫೋನಿನ ಜೊತೆಗೆ ವಾಚಿನ ವಿಳಾಸವನ್ನೂ ಬೇರೆಯಾಗಿ ಸೇರಿಸಬೇಕು. ಪಾಸ್‌ವರ್ಡ್ ಬದಲಾಯಿಸಿದಾಗಲೂ ಫೋನನ್ನು ಎರಡೂ ಹೆಸರಿಗೆ ಒಂದೊಂದು ಸಲ ಸೇರಿಸಿ. ಇಲ್ಲದಿದ್ದರೆ 2.4ರ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡು ವಾಚು ಮತ್ತೆ ತಾರಸಿಯಲ್ಲಿ ಸುಮ್ಮನಾಗುತ್ತದೆ.

ರೈಲ್ವೆ ಸ್ಟೇಷನ್‌ನ ರೈಲ್‌ವೈರ್ ಥರದ ವೈಫೈನಲ್ಲಿ ಮಾತ್ರ ಈ ಯಾವ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಬದಲು ಒಂದು ಪುಟ ಬರುತ್ತದೆ, ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಡಬೇಕು. ಹೆಚ್ಚಿನ ವಾಚ್‌ಗಳಿಗೆ ಆ ಪುಟ ತೆಗೆಯಲು ಬರುವುದಿಲ್ಲ. ಅಲ್ಲಿ ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಓಟಿಪಿ ಫೋನಿನಲ್ಲಿ ಕೊಡಿ, ವಾಚ್‌ಗೆ ಬ್ಲೂಟೂತ್ ದಾರಿಯೇ ಸಾಕು.