ಒಂದು ಗ್ರಹಣದ ಚಿತ್ರ, ಮೂರು ಚೌಕಟ್ಟು

2025ರ ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣ ನಮ್ಮಲ್ಲೂ ಕಾಣುವಂತಿತ್ತು. ಮೋಡ ಬಿಟ್ಟುಕೊಟ್ಟ ಕಡೆ ಹಲವರು ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಚಂದ್ರರನ್ನು ಒಂದೇ ಚಿತ್ರದಲ್ಲಿ ಸಾಲಾಗಿ ಜೋಡಿಸಿದರು. ಇದೇ ಕಾಂಪೋಸಿಟ್. ಯೂಟ್ಯೂಬಿನ ಅಗಲ ಚೌಕಟ್ಟಿಗೆ ಚೆನ್ನಾಗಿ ಹೊಂದುವ ಇಂಥ ಸಾಲನ್ನು ಸ್ಟೋರಿಗೆ ಹಾಕಿದರೆ ಎರಡೂ ಕಡೆಯ ಚಂದ್ರರು ಮಾಯ. 16:9ರ ಚಿತ್ರದಿಂದ 9:16 ಕತ್ತರಿಸಿದರೆ ಉಳಿಯುವುದು ಶೇಕಡಾ 32ರಷ್ಟು ಮಾತ್ರ.

ಹಾಗಂತ ಚಂದ್ರರನ್ನು ಮೇಲಿಂದ ಕೆಳಗೆ ಜೋಡಿಸಿಬಿಡೋಣ ಎಂದರೆ ವಿಜ್ಞಾನ ಕೆಡುತ್ತದೆ. ಚಂದ್ರರನ್ನು ಅವರವರ ನಿಜವಾದ ಜಾಗದಲ್ಲಿಟ್ಟರೆ, ಅವರ ಮೇಲಿನ ಕಪ್ಪು ಅಂಚುಗಳು ಸೇರಿ ಒಂದೇ ದೊಡ್ಡ ವೃತ್ತ ಕಾಣುತ್ತದೆ. ಅದು ಭೂಮಿಯ ನೆರಳು. ಒಬ್ಬ ಚಂದ್ರನನ್ನು ಸುಮ್ನೆ ಸರಿಸಿದರೂ ಆ ವೃತ್ತ ಮುರಿಯುತ್ತದೆ. ಹಾಗಾಗಿ ಜೋಡಣೆಯನ್ನು ಮುಟ್ಟಬಾರದು, ಕ್ಯಾನ್ವಾಸನ್ನು ಜಾಣತನದಿಂದ ಆರಿಸಬೇಕು.

1920×1920 ಪಿಕ್ಸೆಲ್‌ನ ಕ್ಯಾನ್ವಾಸ್ ತೆಗೆದುಕೊಳ್ಳಿ. ಅದರ ನಡುವೆ 1920×1080ರ ಅಡ್ಡ ಚೌಕಟ್ಟು, 1080×1920ರ ಉದ್ದ ಚೌಕಟ್ಟು ಎರಡನ್ನೂ ಗೈಡ್ ಗೆರೆಗಳಿಂದ ಗುರುತಿಸಿ. ಕೂಡಿಸುವ ಚಿಹ್ನೆಯ ಆಕಾರ ಬರುತ್ತದೆ. ಎರಡೂ ಒಂದರ ಮೇಲೊಂದು ಬೀಳುವ ಜಾಗ 1080×1080ರ ಚೌಕ. ಚದರ ಪೋಸ್ಟ್ ಕೂಡ ಇದೇ. ಕಥೆಯೆಲ್ಲ ಈ ಚೌಕದೊಳಗೆ ಮುಗಿಯಬೇಕು. ನಾಲ್ಕು ಮೂಲೆಗಳ 420×420ರ ತುಂಡುಗಳು ಯಾವ ಚೌಕಟ್ಟಿನಲ್ಲೂ ಕಾಣುವುದಿಲ್ಲ. ಅಲ್ಲಿ ನಕ್ಷತ್ರ ಚೊಕ್ಕ ಮಾಡುತ್ತಾ ಕೂರಬೇಡಿ!

ಈಗ ಚಂದ್ರರು. ಸಾಲು ಓರೆಯಾಗಿದ್ದರೆ ಇಡೀ ಜೋಡಣೆಯನ್ನು ಒಟ್ಟಾಗಿಯೇ ತಿರುಗಿಸಿ ಅಡ್ಡಕ್ಕೆ ನೇರ ಮಾಡಿಕೊಳ್ಳಿ. ಆ ರಾತ್ರಿ ಗ್ರಹಣದ ನಡು ಹೊತ್ತು 11:41. ನೆರಳಿಗೆ ಹೋಲಿಸಿದರೆ ಚಂದ್ರ ತನ್ನ ಅಗಲದಷ್ಟು ಸಾಗಲು ಸುಮಾರು ಒಂದು ಗಂಟೆ ಬೇಕು. ನಡುವೆ 11:41ರ ಕೆಂಪು ಚಂದ್ರ, ಅದಕ್ಕೆ 71 ನಿಮಿಷ ಮೊದಲು ಮತ್ತು ನಂತರದ, ಅಂದರೆ 10:30 ಮತ್ತು 12:52ರ, ಅರ್ಧ ಕಪ್ಪಾದ ಚಂದ್ರರು. ಚಂದ್ರನ ಅಗಲ 270 ಪಿಕ್ಸೆಲ್ ಇಟ್ಟರೆ ಒಬ್ಬನ ಕೇಂದ್ರದಿಂದ ಇನ್ನೊಬ್ಬನ ಕೇಂದ್ರಕ್ಕೆ ದೂರ ಸುಮಾರು 324 ಬರುತ್ತದೆ. ಮೂವರೂ ಸೇರಿ 918 ಪಿಕ್ಸೆಲ್. ಚೌಕದಲ್ಲಿ ಎರಡೂ ಬದಿಗೆ 81 ಪಿಕ್ಸೆಲ್ ಉಸಿರಾಡಲು ಜಾಗ. ನೆರಳಿನ ವೃತ್ತವೂ ಸುಮಾರು 720 ಪಿಕ್ಸೆಲ್ ಇದ್ದು ಒಳಗೇ ಉಳಿಯುತ್ತದೆ.

ಅಗಲ ಚೌಕಟ್ಟಿನಲ್ಲಿ ಎರಡೂ ಕಡೆ ಇನ್ನೂ 420 ಪಿಕ್ಸೆಲ್ ಉಳಿದಿದೆ. ಅಲ್ಲಿಗೆ ಇನ್ನಿಬ್ಬರು ಚಂದ್ರರನ್ನು ಹಾಕಬಹುದು. ಕೈ ತಾನಾಗಿ ಮತ್ತೆ 71 ನಿಮಿಷದ ಅಂತರಕ್ಕೇ ಹೋಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ನಡುವಿನಿಂದ 648 ಪಿಕ್ಸೆಲ್ ದೂರ, ಅದರಲ್ಲಿ ಅರ್ಧ ಚಂದ್ರ 135 ಕಳೆದರೆ 513. ಚೌಕದ ಅಂಚು ಇರುವುದು 540ಕ್ಕೆ. ಅಂದರೆ ಚದರ ಚಿತ್ರದ ಎರಡೂ ಅಂಚಿನಲ್ಲಿ 27 ಪಿಕ್ಸೆಲ್‌ನ ಹೊಳೆಯುವ ಚೂರು ಇಣುಕುತ್ತದೆ. ನೋಡುವವರಿಗೆ ಅದು ಚಂದ್ರ ಅನ್ನಿಸುವುದೂ ಇಲ್ಲ, ಕೊಳೆ ಅನ್ನಿಸುತ್ತದೆ. ಬದಲಿಗೆ ಅರೆನೆರಳು, ಅಂದರೆ ಗಾಢ ನೆರಳಿನ ಸುತ್ತಲಿನ ಮಸುಕು ನೆರಳು, ಶುರುವಾದ 8:58ರ ಮತ್ತು ಮುಗಿದ 2:25ರ ಚಂದ್ರರನ್ನು ಆರಿಸಿದರೆ ಅವರು ಸುಮಾರು 740 ಪಿಕ್ಸೆಲ್ ದೂರಕ್ಕೆ ಹೋಗುತ್ತಾರೆ. ಒಳ ಅಂಚು 605, ಹೊರ ಅಂಚು 875. ಚೌಕದಿಂದ ಪೂರ್ತಿ ಹೊರಗೆ, ಅಗಲ ಚೌಕಟ್ಟಿನ 960ರೊಳಗೆ. ಜಾಗವೂ ಸುಳ್ಳಲ್ಲ, ಏಕೆಂದರೆ ದೂರ ಬದಲಾಗಿದ್ದು ಹೊತ್ತು ಬದಲಾದ್ದರಿಂದ.

ಒಂದು ಮಾತು: ಉತ್ತರ ದಿಕ್ಕನ್ನು ಮೇಲಿನ ಕಡೆಗಿಟ್ಟರೆ ಪೂರ್ವ ಎಡಕ್ಕೆ ಬರುತ್ತದೆ, ಚಂದ್ರ ಬಲದಿಂದ ಎಡಕ್ಕೆ ಸಾಗುತ್ತಾನೆ. ಓದಲು ಸುಲಭ ಅಂತ ಕನ್ನಡಿಯಂತೆ ತಿರುಗಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಚಂದ್ರನ ಕಲೆಗಳೂ ಉಲ್ಟಾ ಆಗುತ್ತವೆ.

ಉದ್ದ ಚೌಕಟ್ಟಿನಲ್ಲಿ ಬೇರೆ ಕಾಟ. ರೀಲ್ಸ್‌ನಲ್ಲಿ ಹೆಸರು, ವಿವರ, ಬಟನ್‌ಗಳು ಚಿತ್ರದ ಮೇಲೇ ಕೂರುತ್ತವೆ. ಅದಕ್ಕೆ ಮೇಲಿನ ಶೇಕಡಾ 14, ಕೆಳಗಿನ ಶೇಕಡಾ 35 ಬಿಡಬೇಕು ಅನ್ನುತ್ತದೆ ಮೆಟಾ ಜಾಹೀರಾತುದಾರರಿಗೆ ಕೊಟ್ಟ ಸಲಹೆ. ಮೇಲಿನಿಂದ ಎಣಿಸಿದರೆ ಕೆಳಗಿನ ಪಾಲು 1248ನೇ ಪಿಕ್ಸೆಲ್‌ನಿಂದಲೇ ಶುರು. ನಮ್ಮ ಚೌಕ 1500ರವರೆಗೂ ಇದೆ, ಅಲ್ವಾ? ಚಂದ್ರರು 1095ಕ್ಕೇ ಮುಗಿಯುವುದರಿಂದ ಬಚಾವ್. ಆದರೆ ಹೊತ್ತು ಬರೆಯುವ ಅಕ್ಷರಗಳು 1248ರ ಗೆರೆಯಿಂದ ಕೆಳಗೆ ಇಳಿಯಬಾರದು.

ಆಮೇಲೆ ಲೇಯರ್‌ಗಳಿರುವ ಮೂಲ ಕಡತವನ್ನು ಹಾಗೇ ಉಳಿಸಿ, ಒಂದು ಪಿಎನ್‌ಜಿ ಪ್ರತಿಯಿಂದ ಇಮೇಜ್‌ಮ್ಯಾಜಿಕ್‌ನಲ್ಲಿ ಕತ್ತರಿಸಬಹುದು:

```
magick grahana.png -gravity center -crop 1080x1080+0+0 +repage square.png
```

ಅಳತೆಯನ್ನೂ ಕೊನೆಯ ಕಡತದ ಹೆಸರನ್ನೂ ಬದಲಿಸಿದರೆ ಉಳಿದೆರಡೂ ಸಿದ್ಧ. ಇನ್‌ಸ್ಟಾಗ್ರಾಮ್‌ಗೆ ಹಾಕುವವರು 1080×1440ರ ನಾಲ್ಕನೆಯದನ್ನೂ ತೆಗೆದಿಟ್ಟುಕೊಳ್ಳಿ. 2025ರಿಂದ ಅಲ್ಲಿನ ಪ್ರೊಫೈಲ್ ಪುಟ ಚಿತ್ರಗಳನ್ನು 3:4ರಲ್ಲಿ ತೋರಿಸುತ್ತದೆ. ಚದರ ಚಿತ್ರ ಹಾಕಿದರೆ ಅಲ್ಲಿ 810 ಪಿಕ್ಸೆಲ್‌ನಷ್ಟೇ ಅಗಲ ಕಂಡು, ಬದಿಯ ಚಂದ್ರರಿಬ್ಬರೂ 54 ಪಿಕ್ಸೆಲ್ ಕಳೆದುಕೊಳ್ಳುತ್ತಾರೆ.