ಕಾಗೆ-ನರಿ ಕಾರ್ಟೂನಿನ ನೀತಿಯನ್ನು ಕೊನೆಯಲ್ಲಿ ಹೇಳಿದರೆ ಸಾಲದಾ?

ಪ್ರಶ್ನೆ: ಮೂರರಿಂದ ಐದು ವರ್ಷದ ಮಕ್ಕಳಿಗಾಗಿ ಜಾಣ ಕಾಗೆ ಮತ್ತು ನರಿಯ ಕಥೆಯನ್ನು ಅನಿಮೇಷನ್ ಮಾಡುತ್ತಿದ್ದೇವೆ. 3 ನಿಮಿಷದ ಚಿತ್ರ. ನೀತಿ ಒಂದೇ ಇರಬೇಕು ಅಂತ ತೀರ್ಮಾನಿಸಿದ್ದೇವೆ. ಅದನ್ನು ಕೊನೆಯಲ್ಲಿ ಹೇಗೆ ಹೇಳಿದರೆ ಮಕ್ಕಳ ಮನಸ್ಸಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೆಲವರು ಕೊನೆಗೆ ಅಜ್ಜನ ದನಿಯಲ್ಲಿ ಹೇಳಿಸಬೇಕಾ ಅಂತ ಕೇಳುತ್ತಾರೆ. ಕೆಲವರು ದಪ್ಪ ಅಕ್ಷರದಲ್ಲಿ ಬರೆದು ತೋರಿಸಬೇಕಾ ಅನ್ನುತ್ತಾರೆ. ಓದಲು ಬಾರದ ಮಗುವಿಗೆ ಬರೆದು ತೋರಿಸಿ ಏನು ಪ್ರಯೋಜನ, ಅಲ್ವಾ? ನೀತಿಯ ಜಾಗ ಕೊನೆ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಅದೇ ತಪ್ಪು. ಈ ವಯಸ್ಸಿನ ಮಕ್ಕಳ ಚಿತ್ರದಲ್ಲಿ ನೀತಿ ಇರಬೇಕಾದ್ದು ಕಥೆಯ ನಡುವಿನ ಒಂದು ಕೆಲಸದಲ್ಲಿ. ಆ ಕೆಲಸ ಕಣ್ಣಿಗೆ ಕಾಣದಿದ್ದರೆ ಕೊನೆಯ ಮಾತು ಯಾವುದನ್ನೂ ಉಳಿಸುವುದಿಲ್ಲ.

ನನ್ನ ಮೊದಲ ಕಾಗೆ-ನರಿ ಚಿತ್ರದಲ್ಲಿ ನಾನೂ ಹಾಗೇ ಮಾಡಿದ್ದೆ. ಹಳೆಯ ಕಥೆ. ಕಾಗೆ ಅಜ್ಜಿಯ ವಡೆ ಕದಿಯುತ್ತದೆ, ನರಿ ಹೊಗಳುತ್ತದೆ, ಕಾಗೆ ಹಾಡಲು ಬಾಯಿ ತೆರೆಯುತ್ತದೆ, ವಡೆ ಹೋಗುತ್ತದೆ. ಕೊನೆಗೆ 'ಹೊಗಳಿಕೆಗೆ ಮರುಳಾಗಬಾರದು' ಅಂತ ಇಂಪಾದ ದನಿಯಲ್ಲಿ ಹೇಳಿಸಿದ್ದೆ. ಒಂದು ಶಿಶುವಿಹಾರದಲ್ಲಿ ತೋರಿಸಿ, ಕಥೆಯಿಂದ ಏನು ಗೊತ್ತಾಯಿತು ಅಂತ ಕೇಳಿದೆ. ಒಬ್ಬಳು "ಹಾಡಬಾರದು" ಅಂದಳು. ಇನ್ನೊಬ್ಬ "ಕದ್ದರೆ ಬಿದ್ದುಹೋಗುತ್ತೆ" ಅಂದ. ಮತ್ತೊಬ್ಬನಿಗೆ ನರಿಗೆ ಹಸಿವಾಗಿತ್ತು ಅನ್ನುವುದಷ್ಟೇ ಮುಖ್ಯ. ಅವರು ಯಾರೂ ದಡ್ಡರಲ್ಲ. ನಾನು ತೋರಿಸಿದ್ದನ್ನೇ ನೋಡಿದ್ದರು. ಹಾಡಿದ್ದಕ್ಕೆ ವಡೆ ಹೋಯಿತು ಅನ್ನುವುದು ತೆರೆಯ ಮೇಲೆ ಕಂಡ ಸತ್ಯ. 'ಮರುಳಾಗುವುದು' ಎಲ್ಲೂ ಕಾಣಲಿಲ್ಲ, ಅದು ಬರೀ ಕಿವಿಗೆ ಬಿದ್ದ ಪದ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದಲ್ಲಿ ಮೇರಿ-ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟಾ ಎಂಬ ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಶುವಿಹಾರದ ಮಕ್ಕಳಿಗೆ ಮೂರು ಕಾಲಿನ ನಾಯಿ ಬರುವ ಕಾರ್ಟೂನ್ ತೋರಿಸಿದರು. ನಮಗಿಂತ ಬೇರೆಯಾಗಿರುವವರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಅನ್ನುವುದು ಅದರ ನೀತಿ. ಬಹಳ ಮಕ್ಕಳು ಹಿಡಿದುಕೊಂಡದ್ದು ಮೂರು ಕಾಲಿನ ನಾಯಿಗಳ ಬಗ್ಗೆ ಒಂದು ಪಾಠವನ್ನು. ಮನುಷ್ಯರ ತನಕ ಅದು ಬರಲೇ ಇಲ್ಲ. ಕಾಗೆಯ ಪಾಠ ಕಾಗೆಯ ಹತ್ತಿರವೇ ಉಳಿಯುವುದು ಈ ವಯಸ್ಸಿನ ಸಹಜ ಗುಣ.

ಇನ್ನೊಂದು ತೊಡಕು ಹೊಗಳಿಕೆಯಲ್ಲೇ ಇದೆ. ನರಿಯ ಹೊಗಳಿಕೆ ಸುಳ್ಳು ಅಂತ ತಿಳಿಯಬೇಕಾದರೆ, ಬಾಯಲ್ಲಿ ಒಂದು ಹೇಳುತ್ತಾ ಮನಸ್ಸಿನಲ್ಲಿ ಇನ್ನೊಂದನ್ನು ಇಟ್ಟುಕೊಳ್ಳಬಹುದು ಅನ್ನುವುದು ಗೊತ್ತಿರಬೇಕು. ಮಕ್ಕಳಿಗೆ ಅದು ಹೊಳೆಯಲು ಶುರುವಾಗುವುದೇ ನಾಲ್ಕರ ಆಸುಪಾಸಿನಲ್ಲಿ. ಮೂರು ವರ್ಷದ ಮಗುವಿಗೆ "ನಿನ್ನ ದನಿ ಎಷ್ಟು ಚೆನ್ನಾಗಿದೆ" ಅಂದ ನರಿ ಒಳ್ಳೆಯ ನರಿ. ಅದಕ್ಕೇ 'ಹೊಗಳುವವರನ್ನು ನಂಬಬೇಡ' ಅನ್ನುವ ನೀತಿಯನ್ನು ನಾನು ಈ ವಯಸ್ಸಿಗೆ ಆರಿಸುವುದಿಲ್ಲ. ಮನೆಯಲ್ಲಿ ಅಮ್ಮ "ಜಾಣೆ" ಅಂದಾಗಲೂ ಮಗು ಅನುಮಾನ ಪಡಬೇಕಾ?

ಜಾಣ ಕಾಗೆಯ ಕಥೆ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಈಸೋಪನ ಕಥೆಯಲ್ಲಿ ಕಾಗೆ ಸೋಲುತ್ತದೆ. ಜಂಬುಖಾದಕ ಜಾತಕದಲ್ಲಂತೂ ನರಿಯ ಹೊಗಳಿಕೆಗೆ ಉಬ್ಬಿದ ಕಾಗೆ ತಾನೂ ನರಿಯನ್ನು ಹೊಗಳಿ, ಕೊಂಬೆ ಅಲುಗಿಸಿ ಹಣ್ಣು ಉದುರಿಸುತ್ತದೆ. ನಮ್ಮಲ್ಲಿ ಮನೆಮನೆಯಲ್ಲಿ ಹೇಳುವ ಹೊಸ ಕಥೆಯಲ್ಲಿ ಕಾಗೆ ವಡೆಯನ್ನು ಕೊಕ್ಕಿನಿಂದ ತೆಗೆದು ಕಾಲಡಿ ಇಟ್ಟುಕೊಂಡು ಆಮೇಲೆ ಕಾ ಕಾ ಅನ್ನುತ್ತದೆ. ಆ ಒಂದು ಕೆಲಸವೇ ನಿಮ್ಮ ನೀತಿ. ಮೊದಲು ಯೋಚಿಸು, ಆಮೇಲೆ ಮಾಡು. ಮಗು ಅದನ್ನು ಕಣ್ಣಾರೆ ನೋಡಬಹುದು, ಮನೆಗೆ ಹೋಗಿ ಮಾಡಿಯೂ ತೋರಿಸಬಹುದು.

ಈಗ ಕಥೆಯಿಂದ ಬೇರೆ ನೀತಿಗಳನ್ನು ತೆಗೆಯಬೇಕು. ಮೊದಲು ಕಳ್ಳತನ. ಕಾಗೆ ವಡೆ ಕದ್ದರೆ ಮಗುವಿನ ಲೆಕ್ಕ ಅಲ್ಲೇ ಶುರುವಾಗುತ್ತದೆ, ಕೊನೆಗೆ ಕಳ್ಳ ಗೆದ್ದಂತೆ ಆಗುತ್ತದೆ. ಅಜ್ಜಿಯೇ ಕರೆದು ವಡೆ ಕೊಡಲಿ. ಕಾಗೆಗೆ ಒಂದು ತುತ್ತು ಇಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆಮೇಲೆ ನರಿಗೆ ಶಿಕ್ಷೆ. ನರಿ ಕೆಸರಿಗೆ ಬಿದ್ದರೆ ಮಕ್ಕಳು ನಗುತ್ತಾರೆ, ಆದರೆ ನೆನಪಿನಲ್ಲಿ ಉಳಿಯುವುದು ಕೆಸರೇ. ನರಿ ಬಾಯಿ ಮುಚ್ಚಿಕೊಂಡು ಸುಮ್ನೆ ಹೊರಟುಹೋಗಲಿ. ಕೊನೆಗೆ ಕಾಗೆ ಅರ್ಧ ವಡೆ ಹಂಚಿಕೊಳ್ಳುವ ದೃಶ್ಯವನ್ನೂ ಬಹಳ ಜನ ಸೇರಿಸುತ್ತಾರೆ. ಒಳ್ಳೆಯ ಗುಣವೇ, ಆದರೆ ಅದು ಬೇರೆ ಚಿತ್ರ.

ನಿಮ್ಮ 180 ಸೆಕೆಂಡನ್ನು ನಾನಾದರೆ ಹೀಗೆ ಹಂಚುತ್ತೇನೆ. ಅಜ್ಜಿ ವಡೆ ಕೊಟ್ಟು ಕಾಗೆ ಮರ ಸೇರಲು 30 ಸೆಕೆಂಡು. ನರಿ ಬಂದು ಮೂಗು ಅರಳಿಸಿ ವಡೆ ನೋಡಲು 25. ಇಲ್ಲಿ ನರಿಯ ಬಾಯಿಂದ ಮಾತು ಬರುವ ಮೊದಲೇ ಅದು ನಾಲಿಗೆ ಚಪ್ಪರಿಸುವುದು ದೊಡ್ಡದಾಗಿ ಕಾಣಬೇಕು. ಆಮೇಲೆ 50 ಸೆಕೆಂಡಿನಲ್ಲಿ ಮೂರು ಹೊಗಳಿಕೆ. ಮೊದಲನೆಯದು ರೆಕ್ಕೆಗೆ, ಕಾಗೆ ರೆಕ್ಕೆ ಬಿಚ್ಚುತ್ತದೆ. ಎರಡನೆಯದು ಕುತ್ತಿಗೆಗೆ, ಕಾಗೆ ಕತ್ತು ಚಾಚುತ್ತದೆ, ವಡೆ ಸ್ವಲ್ಪ ಜಾರುತ್ತದೆ. ಮೂರನೆಯದು "ಒಂದು ಹಾಡು ಹೇಳು." ಮೂರೂ ಸಲ ನರಿಯ ಮಾತು ಕಾಗೆಗೆ, ಕಣ್ಣು ಮಾತ್ರ ವಡೆಯ ಮೇಲೆ. ಸುಳ್ಳನ್ನು ಈ ವಯಸ್ಸಿಗೆ ತೋರಿಸುವ ದಾರಿ ಇದು.

ನಂತರದ 20 ಸೆಕೆಂಡು ಇಡೀ ಚಿತ್ರದ ಪ್ರಾಣ. ಕೊಕ್ಕು ಚೂರು ತೆರೆಯುತ್ತದೆ, ವಡೆ ಜಾರುತ್ತದೆ, ಕಾಗೆ ತಕ್ಷಣ ಕೊಕ್ಕು ಬಿಗಿ ಹಿಡಿಯುತ್ತದೆ. ವಡೆ ನೋಡುತ್ತದೆ. ಕೆಳಗೆ ನರಿಯ ತೆರೆದ ಬಾಯಿ ನೋಡುತ್ತದೆ. ಆಮೇಲೆ 4 ಸೆಕೆಂಡು ಏನೂ ಆಗುವುದಿಲ್ಲ. ಸಂಗೀತವೂ ಇಲ್ಲ. ಕಾಗೆ ಕಣ್ಣು ಮಿಟುಕಿಸುತ್ತದೆ, ಅಷ್ಟೇ. ನಂತರ ವಡೆ ಕಾಲಡಿ ಹೋಗುತ್ತದೆ. ಎಡಿಟಿಂಗ್‌ನಲ್ಲಿ ಎಲ್ಲರೂ ಮೊದಲು ಕತ್ತರಿಸುವುದು ಈ 4 ಸೆಕೆಂಡನ್ನೇ. 'ಬೋರ್ ಆಗುತ್ತೆ' ಅನ್ನುತ್ತಾರೆ. ದಯವಿಟ್ಟು ಮುಟ್ಟಬೇಡಿ. ಮಗು ಕಾಗೆಯ ಜೊತೆ ಯೋಚಿಸುವುದು ಆಗಲೇ. ಖರ್ಚಿನ ಮಾತಾದರೂ ಸರಿ: ಸೆಕೆಂಡಿಗೆ 24 ಫ್ರೇಮಿನಲ್ಲಿ ಎರಡು ಫ್ರೇಮಿಗೊಂದು ಚಿತ್ರ ಅಂದರೂ ಪೂರ್ತಿ ಚಲನೆಗೆ 3 ನಿಮಿಷಕ್ಕೆ 2,160 ಚಿತ್ರ ಬೇಕು. ಈ ಮೌನಕ್ಕೆ ಕಣ್ಣು ಮಿಟುಕಿಸುವ ನಾಲ್ಕೈದು ಚಿತ್ರ ಸಾಕು.

ಕಾಗೆಯ ಹಾಡು ಮತ್ತು ನರಿ ಕಾದು ಹೊರಡುವುದಕ್ಕೆ 25 ಸೆಕೆಂಡು. ಉಳಿದ 30 ಸೆಕೆಂಡಿನಲ್ಲಿ ಅಜ್ಜಿಯ ಮೊಮ್ಮಗಳನ್ನು ತನ್ನಿ. ಪುಟ್ಟಿಯ ಕೈಯಲ್ಲಿ ಹಾಲಿನ ಲೋಟ. ಗೇಟಿನಿಂದ ಗೆಳತಿ "ಪುಟ್ಟೀ, ಚಪ್ಪಾಳೆ ಆಟ ಆಡೋಣ ಬಾ" ಅನ್ನುತ್ತಾಳೆ. ಪುಟ್ಟಿಯ ಕೈ ಎದ್ದೇಬಿಡುತ್ತದೆ, ಹಾಲು ತುಳುಕುತ್ತದೆ, ಅವಳು ನಿಲ್ಲುತ್ತಾಳೆ. ಲೋಟ ಕೆಳಗಿಟ್ಟು ಓಡುತ್ತಾಳೆ. ಕಾಗೆ ಮಾಡಿದ್ದನ್ನೇ ಒಂದು ಮಗು ಮಾಡಿತು. ಮೂರು ಕಾಲಿನ ನಾಯಿಯ ತೊಂದರೆ ನಿಮ್ಮ ಚಿತ್ರಕ್ಕೆ ಬರದಿರಲು ಈ ದೃಶ್ಯ ಬೇಕು. ನೀತಿಯ ಸಾಲನ್ನು ಹೇಳಲೇಬೇಕು ಅನ್ನಿಸಿದರೆ ಅಜ್ಜಿ ಇಲ್ಲಿ ಒಮ್ಮೆ ಹೇಳಲಿ, ಅಡ್ಡಿಯಿಲ್ಲ. ಆಗ ಆ ಮಾತು ಮಗು ಆಗಲೇ ಕಂಡದ್ದಕ್ಕೆ ಒಂದು ಹೆಸರು ಇಟ್ಟಂತೆ.

ಬಣ್ಣ ತುಂಬುವ ಮೊದಲು ಪರೀಕ್ಷೆ ಮಾಡಿ. ದನಿ ಮೊದಲು ರೆಕಾರ್ಡ್ ಮಾಡಿ, ಅದರ ಅಳತೆಗೆ ಸ್ಟೋರಿಬೋರ್ಡ್ ಚಿತ್ರಗಳನ್ನು ಜೋಡಿಸಿದರೆ ಅನಿಮ್ಯಾಟಿಕ್ ಆಯಿತು. ಅದನ್ನು ಐದಾರು ಮಕ್ಕಳಿಗೆ ಒಬ್ಬೊಬ್ಬರಾಗಿ ತೋರಿಸಿ. ಗುಂಪಿನಲ್ಲಿ ಕೇಳಿದರೆ ಮೊದಲು ಬಾಯಿ ಬಿಟ್ಟವರ ಉತ್ತರವೇ ಎಲ್ಲರದೂ ಆಗುತ್ತದೆ. 'ನೀತಿ ಏನು' ಅಂತ ಕೇಳಬೇಡಿ. ಆ 4 ಸೆಕೆಂಡಿನಲ್ಲಿ ನಿಲ್ಲಿಸಿ "ಈಗ ಹಾಡಿದರೆ ಏನಾಗುತ್ತೆ?" ಅಂತ ಕೇಳಿ. ಮುಗಿದ ಮೇಲೆ "ಕಾಗೆ ಯಾಕೆ ಕಾಲಡಿ ಇಟ್ಟುಕೊಂಡಿತು?" ಅಂತ ಕೇಳಿ. "ಬಿದ್ದುಹೋಗುತ್ತೆ ಅಂತ" ಅಂದರೆ ಕೆಲಸ ಆಗಿದೆ. "ನರಿಗೆ ಹಾಡು ಇಷ್ಟ" ಅಂದರೆ ನರಿಯ ಆಸೆ ಕಂಡಿಲ್ಲ, ನಾಲಿಗೆ ಚಪ್ಪರಿಸುವ ಶಾಟ್ ಇನ್ನೂ ದೊಡ್ಡದಾಗಬೇಕು. ನನ್ನ ಎರಡನೆಯ ಚಿತ್ರದಲ್ಲಿ ಒಬ್ಬ ಹುಡುಗ "ಬೀಳಲ್ಲ" ಅಂತ ಹಟ ಹಿಡಿದ. ನೋಡಿದರೆ ಉದ್ದಿನ ವಡೆಯ ತೂತಿನೊಳಗೆ ಕಾಗೆಯ ಕೊಕ್ಕು ಹೋದ ಹಾಗೆ ಬರೆದಿದ್ದೆವು. ಅವನು ಹೇಳಿದ್ದೇ ಸರಿ. ವಡೆಯ ಅಂಚನ್ನು ಮಾತ್ರ ಕಚ್ಚಿದ ಹಾಗೆ ಬರೆಯಿರಿ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ, ನರಿಯ ಬಣ್ಣ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವ ಕಿತ್ತಳೆ ಬಣ್ಣದ, ಬಾಲದ ತುದಿ ಬೆಳ್ಳಗಿರುವ ಪ್ರಾಣಿ ತಣ್ಣನೆಯ ನಾಡುಗಳ ಕೆಂಪು ನರಿ. ಕರ್ನಾಟಕದ ಬಯಲಿನಲ್ಲಿ ಅದು ಇಲ್ಲ. ಇಲ್ಲಿ ಇರುವ ಚಿಕ್ಕ ನರಿ ಬೂದು ಮಿಶ್ರಿತ ಕಂದು, ಬಾಲದ ತುದಿ ಕಪ್ಪು. ಒಣಹುಲ್ಲಿನ ಹಿನ್ನೆಲೆಯಲ್ಲಿ ಆ ಬಣ್ಣ ಸ್ವಲ್ಪ ಮಂಕಾಗಿ ಕಾಣುತ್ತದೆ. ಅದಕ್ಕೆ ನೆಲವನ್ನು ತಿಳಿ ಹಸಿರು ಮಾಡಿ, ನರಿಯನ್ನು ಬದಲಾಯಿಸಬೇಡಿ. ಕಾಗೆಗೂ ಊರಕಾಗೆಯನ್ನೇ ಆರಿಸಿ. ಅದರ ಕುತ್ತಿಗೆ ಬೂದು ಬಣ್ಣ, ಹಾಗಾಗಿ ಕಪ್ಪು ಕೊಕ್ಕಿನ ಚಲನೆ ಬಿಡಿಸಿದಂತೆ ಕಾಣುತ್ತದೆ. ಪೂರ್ತಿ ಕಪ್ಪಾದ ಕಾಡುಕಾಗೆಯನ್ನು ದಟ್ಟ ಎಲೆಗಳ ಮುಂದೆ ಕೂರಿಸಿದರೆ ಕೊಕ್ಕು ತೆರೆದದ್ದೇ ಗೊತ್ತಾಗುವುದಿಲ್ಲ.

ವಡೆ ಕಾಲಡಿ ಇಡುವ ಚಲನೆಯನ್ನು ಊಹಿಸಿ ಬರೆಯಬೇಡಿ. ಕಾಗೆಗಳು ದಿನಾಲೂ ಅದನ್ನೇ ಮಾಡುತ್ತವೆ. ದೊಡ್ಡ ಚೂರು ಸಿಕ್ಕರೆ ಒಂದು ಕಾಲಲ್ಲಿ ಅದುಮಿ ಹಿಡಿದು ಕೊಕ್ಕಿನಿಂದ ಕಿತ್ತು ತಿನ್ನುತ್ತವೆ. ಬೆಳಿಗ್ಗೆ ಕಾಂಪೌಂಡಿನ ಮೇಲೆ ಅರ್ಧ ವಡೆ ಇಟ್ಟು, ಫೋನಿನಲ್ಲಿ ಸ್ಲೋ ಮೋಷನ್ ಹಾಕಿಕೊಂಡು ದೂರ ನಿಂತು ಹಿಡಿಯಿರಿ. ತಲೆ ಬಗ್ಗುವ ಹೊತ್ತಿಗೆ ಕಾಲು ಹೇಗೆ ಮುಂದೆ ಬರುತ್ತದೆ, ಮೈ ಭಾರ ಯಾವ ಕಡೆಗೆ ಹೋಗುತ್ತದೆ ಅನ್ನುವುದನ್ನು ಫ್ರೇಮ್ ಫ್ರೇಮ್ ಆಗಿ ನೋಡಿಕೊಂಡು ಬರೆಯಿರಿ.