ಸರಾಸರಿ ಬ್ಲಾಕಿಗೆ ಸರಿಹೊಂದಿದರೆ ಯಂತ್ರ ಸರಿಯಿದೆಯೇ?

ಪ್ರಶ್ನೆ: ಲೋಹದ ಗಡಸುತನ ಅಳೆಯುವ ನಮ್ಮ ರಾಕ್‌ವೆಲ್ ಯಂತ್ರವನ್ನು ಪರಿಶೀಲಿಸಲು, 62.1 ಎಚ್‌ಆರ್‌ಸಿ ಗಡಸುತನವಿದೆಯೆಂದು ಪ್ರಮಾಣಪತ್ರ ಪಡೆದ ಬ್ಲಾಕಿನ ಮೇಲೆ ಐದು ರೀಡಿಂಗ್ ತೆಗೆದೆವು. ಸರಾಸರಿ ಸರಿಯಾಗಿ 62.1 ಬಂತು. ಆದರೂ ಜಾಬ್‌ಗಳ ಮೇಲೆ ಗ್ರಾಹಕರ ರೀಡಿಂಗ್‌ಗೂ ನಮ್ಮದಕ್ಕೂ ತಾಳೆಯಾಗುತ್ತಿಲ್ಲ. ಯಂತ್ರ ಸರಿಯಿದ್ದ ಮೇಲೆ ತಪ್ಪು ಎಲ್ಲಿದೆ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕವನ್ನು ಬಿಟ್ಟಿದ್ದೇನೆ. ಪ್ರತಿ ಸಲವೂ ನಾನು ಮೊದಲು ಕೇಳುವುದು ಒಂದೇ: ಸರಾಸರಿ ಇರಲಿ, ಆ ಐದು ರೀಡಿಂಗ್‌ಗಳನ್ನು ಬರೆದಿಟ್ಟಿದ್ದೀರಾ? ಈ ಓದುಗರು ಬರೆದಿಟ್ಟಿದ್ದರು: 60.9, 62.9, 61.4, 63.0, 62.3. ಕೂಡಿಸಿ ಭಾಗಿಸಿದರೆ 62.1 ಬರುವುದು ನಿಜ. ಆದರೆ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ 2.1 ಅಂಶಗಳ ಅಂತರವಿದೆ; ಹರವು ಎನ್ನುವುದು ಇದನ್ನೇ. ಎಎಸ್‌ಟಿಎಂ ಇ18 ಮಾನದಂಡವು ಯಂತ್ರವನ್ನು ಬ್ಲಾಕಿನ ಮೇಲೆ ಪರಿಶೀಲಿಸುವಾಗ ಈ ಗಡಸುತನದ ಮಟ್ಟಕ್ಕೆ ಎರಡು ಮಿತಿಗಳನ್ನು ಇಡುತ್ತದೆ: ಸರಾಸರಿಯು ಬ್ಲಾಕಿನ ಮೌಲ್ಯದಿಂದ 0.5ಕ್ಕಿಂತ ಹೆಚ್ಚು ದೂರ ಹೋಗಬಾರದು, ಐದು ರೀಡಿಂಗ್‌ಗಳ ಹರವು 1.0ನ್ನು ಮೀರಬಾರದು. ಮೊದಲನೆಯದರಲ್ಲಿ ಪೂರ್ಣ ಅಂಕ ಪಡೆದ ಈ ಯಂತ್ರ ಎರಡನೆಯದರಲ್ಲಿ ನಪಾಸಾಗಿದೆ.

ಬ್ಲಾಕೇ ಎಲ್ಲೆಡೆ ಒಂದೇ ಸಮನಾಗಿಲ್ಲದಿರಬಹುದಲ್ಲ ಎಂಬ ವಾದವೂ ಬರುತ್ತದೆ. ಇರಬಹುದು, ಆದರೆ 60ಕ್ಕಿಂತ ಗಡಸಾದ ಬ್ಲಾಕಿಗೆ ಆ ಏರುಪೇರು 0.5ರೊಳಗಿದ್ದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ. ಉಳಿದುದಕ್ಕೆ ಯಂತ್ರವೋ, ಅದನ್ನು ಬಳಸಿದವರೋ ಹೊಣೆ.

ಸರಾಸರಿಯೇ ಸಾಕೆಂಬ ನಂಬಿಕೆ ಏಕೆ ಅಪಾಯಕಾರಿ ಎಂಬುದು ಇದೇ ಯಂತ್ರದ ಕಥೆಯಿಂದ ತಿಳಿಯುತ್ತದೆ. ರಾಕ್‌ವೆಲ್ ಸಿ ಮಾಪನದಲ್ಲಿ ಒಂದು ಅಂಶವೆಂದರೆ ಆಳದಲ್ಲಿ ಕೇವಲ 2 ಮೈಕ್ರೋಮೀಟರ್. ಯಂತ್ರವು ಇಂಡೆಂಟರ್ ಎಂಬ ವಜ್ರದ ಮೊನೆಯ ಮೇಲೆ ಮೊದಲು 10 ಕೆಜಿ ಭಾರ ಹಾಕಿ ಆಳದ ಸೊನ್ನೆಯನ್ನು ಗುರುತಿಸುತ್ತದೆ, ಬಳಿಕ ಒಟ್ಟು ಭಾರವನ್ನು 150 ಕೆಜಿಗೆ ಏರಿಸಿ, ಮತ್ತೆ 10ಕ್ಕೆ ಇಳಿಸಿ, ಮರಳದೆ ಉಳಿದ ಆಳವನ್ನು ಓದುತ್ತದೆ; ಆಳ ಹೆಚ್ಚಿದಷ್ಟೂ ರೀಡಿಂಗ್ ಕಡಿಮೆ. ವಜ್ರ ಎಷ್ಟು ಇಳಿಯಿತು, ಬ್ಲಾಕೇ ಎಷ್ಟು ಕುಸಿಯಿತು ಎಂಬ ಭೇದ ಯಂತ್ರಕ್ಕೆ ತಿಳಿಯದು. ಬ್ಲಾಕನ್ನು ಹೊರುವ ಆನ್ವಿಲ್‌ನ ಕೆಳಗೆ ಒಂದಿಷ್ಟು ಲೋಹದ ಪುಡಿ ಇದ್ದು, ಅದು ಭಾರಕ್ಕೆ 4 ಮೈಕ್ರೋಮೀಟರ್ ನಲುಗಿದರೂ ರೀಡಿಂಗ್ 2 ಅಂಶ ಇಳಿಯುತ್ತದೆ. ಪುಡಿ ಒಂದು ಸಲ ನಲುಗುತ್ತದೆ, ಇನ್ನೊಂದು ಸಲ ಇಲ್ಲ.

ಪುಡಿ ರೀಡಿಂಗನ್ನು ಇಳಿಸಬಲ್ಲದೇ ಹೊರತು ಏರಿಸಲಾರದು. ಹಾಗಿದ್ದರೆ 62.9 ಮತ್ತು 63.0 ಎಲ್ಲಿಂದ ಬಂದವು? ಆನ್ವಿಲ್ ತೆಗೆದು, ಅದರ ತಳವನ್ನೂ ಅದು ಕೂರುವ ಸ್ಕ್ರೂವಿನ ತಲೆಯನ್ನೂ ಒರೆಸಿ, ಹೊಸದಾಗಿ ಕೂರುವಾಗಿನ ಮೊದಲ ಎರಡು ರೀಡಿಂಗ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಐದು ತೆಗೆಯಲು ಹೇಳಿದೆ. ಬಂದದ್ದು 63.0, 63.1, 62.8, 62.9, 63.2. ಹರವು 0.4ಕ್ಕೆ ಕುಗ್ಗಿತು, ಆದರೆ ಸರಾಸರಿ 63.0ಕ್ಕೆ ಏರಿತು! ಈಗ ಯಂತ್ರ ಕೆಟ್ಟಿತೆಂದು ಅವರು ಗಾಬರಿಯಾದರು. ನಿಜವಾಗಿ ಮುಚ್ಚಿಟ್ಟದ್ದು ಈಗ ಹೊರಬಂದಿತ್ತು. ಹಿಂದೊಮ್ಮೆ ಸರಾಸರಿ ಕಡಿಮೆ ಬಂದಾಗ ಯಾರೋ ಪುಡಿಯನ್ನು ಹುಡುಕುವ ಬದಲು ಯಂತ್ರದ ತಿದ್ದುಪಡಿ ಅಂಕಿಯನ್ನು 0.9ರಷ್ಟು ಏರಿಸಿ, ಬ್ಲಾಕಿಗೆ ಸರಿಹೊಂದಿಸಿದ್ದರು. ಅದನ್ನು ಸೊನ್ನೆಗೆ ತಂದೊಡನೆ ಸರಾಸರಿ 62.1ಕ್ಕೆ ಬಂತು. ಸರಾಸರಿ ಮೊದಲೂ ಅದೇ, ಈಗಲೂ ಅದೇ. ವ್ಯತ್ಯಾಸವಿದ್ದದ್ದು ಹರವಿನಲ್ಲಿ ಮಾತ್ರ. ಅಷ್ಟು ದಿನ ಒಂದೇ ಜಾಬ್ ಬೆಳಿಗ್ಗೆ ಪಾಸಾಗಿ ಸಂಜೆ ರಿಜೆಕ್ಟ್ ಆಗುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಐದರಲ್ಲಿ ಒಪ್ಪದ 60.9ನ್ನು ಹೊಡೆದುಹಾಕಿ ಇನ್ನೊಂದು ಒತ್ತುವವರಿಗೂ ಇದೇ ಉತ್ತರ: ನೀವು ಹೊಡೆದುಹಾಕುವ ಅಂಕಿಯೇ ದೋಷದ ಸುಳಿವು.

ಹರವು ಚಿಕ್ಕದಾಗಿದ್ದು ಎಲ್ಲ ರೀಡಿಂಗ್‌ಗಳೂ ಒಂದೇ ಕಡೆಗೆ ಸರಿದಿದ್ದರೆ ಅದು ಬೇರೆ ಜಾತಿಯ ದೋಷ. ವಜ್ರದ ತುದಿ ಮೊಂಡಾಗಿ ರೀಡಿಂಗ್ ಏರಿರಬಹುದು, ಭಾರ ತಪ್ಪಿರಬಹುದು. ಕ್ರಮವಾಗಿ ಏರುತ್ತ ಹೋಗಿ ನಿಂತರೆ ಆನ್ವಿಲ್ ಅಥವಾ ಇಂಡೆಂಟರ್ ಇನ್ನೂ ಕೂರುತ್ತಿತ್ತೆಂದು ತಿಳಿಯಬೇಕು. ಆದ್ದರಿಂದ ರೀಡಿಂಗ್‌ಗಳನ್ನು ತೆಗೆದ ಕ್ರಮದಲ್ಲೇ ಬರೆದಿಡಿ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಬ್ಲಾಕಿನ ಮೇಲ್ಮೈ ಕುಳಿಗಳಿಂದ ತುಂಬಿದಾಗ ಅದನ್ನು ತಿರುವಿ ಹಾಕಿ ಹಿಂಬದಿಯಲ್ಲಿ ಒತ್ತುವುದನ್ನು ಉಳಿತಾಯವೆಂದು ಭಾವಿಸುವವರಿದ್ದಾರೆ. ಪ್ರಮಾಣಪತ್ರವಿರುವುದು ಮೇಲಿನ ಮುಖಕ್ಕೆ ಮಾತ್ರ. ಮೇಲಾಗಿ ಪ್ರತಿ ಕುಳಿಯ ಸುತ್ತಲೂ ಲೋಹ ಉಬ್ಬಿ ಒಂದು ಅಂಚು ಏಳುತ್ತದೆ. ಆ ಮುಖವನ್ನು ಆನ್ವಿಲ್ ಮೇಲೆ ಮಲಗಿಸಿದರೆ ಬ್ಲಾಕು ನೂರು ಸಣ್ಣ ಉಬ್ಬುಗಳ ಮೇಲೆ ನಿಂತಂತಾಗಿ, ಆಗತಾನೆ ಒರೆಸಿ ತೆಗೆದ ಪುಡಿಯ ಕೆಲಸವನ್ನು ತಾನೇ ಮಾಡುತ್ತದೆ. ಮೇಲ್ಮೈಯನ್ನು ಉಜ್ಜಿ ಕುಳಿ ಅಳಿಸಿದರಂತೂ ಪ್ರಮಾಣಪತ್ರವೂ ಅಳಿದಂತೆ. ಎರಡು ಕುಳಿಗಳ ಕೇಂದ್ರಗಳ ನಡುವೆ ಕುಳಿಯ ವ್ಯಾಸದ ಮೂರು ಪಟ್ಟು ಜಾಗ ಉಳಿಯದ ದಿನ ಹೊಸ ಬ್ಲಾಕಿಗೆ ಬೇಡಿಕೆ ಸಲ್ಲಿಸಿ.